ಅತ್ತೆಗೆ, ನಾಳೆ ಬರುವ ವಿಷಯ

ಅತ್ತೆ, ನಮಸ್ಕಾರ.

ಈಗ ಫೋನಿನಲ್ಲಿ ಮಾತಾಡಿದ್ದು ಪೂರ್ತಿ ಆಗಲಿಲ್ಲ. ಮಳೆ ಬಂದರೆ ಪೆರ್ಲದಲ್ಲಿ ರೇಂಜ್ ನಿಲ್ಲುವುದೇ ಇಲ್ಲ ಅಲ್ವಾ. ನೀವು ಹೇಳಿದ್ದು ನನಗೆ ಕೇಳಿತು. ನಾನು ಹೇಳಿದ್ದು ನಿಮಗೆ ಎಷ್ಟು ಕೇಳಿತೋ ಗೊತ್ತಿಲ್ಲ. ಹಾಗಾಗಿ ಎಲ್ಲ ಬರೆದು ಕಳಿಸುತ್ತಿದ್ದೇನೆ. ಅಕ್ಷರ ಸಣ್ಣ ಕಂಡರೆ ಅಕ್ಕನ ಹತ್ತಿರ ಓದಿಸಿ.

ಮುಖ್ಯ ವಿಷಯ ಮೊದಲೇ ಹೇಳುತ್ತೇನೆ. ನಾಳೆ ಸೋಮವಾರ ಬರುವುದು ಬೇಡ ಅತ್ತೆ. ಗುರುವಾರ, ಆಗಸ್ಟ್ 1ಕ್ಕೆ ಬನ್ನಿ. ಇವರು ಅವತ್ತು ರಜೆ ಹಾಕುತ್ತಾರೆ. ಬೆಳಿಗ್ಗೆ ಕಾರು ತೆಗೆದುಕೊಂಡು ಮನೆಗೇ ಬಂದು ನಿಮ್ಮನ್ನು ಕರೆದುಕೊಂಡು ಬರುತ್ತಾರೆ.

ನೀವು ಬರುತ್ತೇನೆ ಎಂದಾಗ ಬೇಡ ಎನ್ನಲು ನನಗೆ ತುಂಬ ಕಷ್ಟ ಆಗುತ್ತದೆ. ಪಕ್ಕದ ಮನೆಯವರ ಜೀಪು ಕಾಸರಗೋಡಿಗೆ ಬರುತ್ತಿದೆ, ಒಂದು ಸೀಟು ಖಾಲಿ ಇದೆ, ಮೊಮ್ಮಗಳನ್ನು ನೋಡಿ ಸುಮಾರು ದಿನ ಆಯಿತು ಎಂದಿರಿ. ಅದರಲ್ಲಿ ತಪ್ಪೇನಿದೆ? ನಿಮ್ಮ ಮಗನ ಮನೆ, ನೀವು ಯಾವಾಗ ಬೇಕಾದರೂ ಬರಬಹುದು. ಕಣ್ಣು ತೋರಿಸಲಿಕ್ಕೋ ಬೇರೆ ಏನಾದರೂ ತುರ್ತಿಗೋ ಆಗಿದ್ದರೆ ನಾನು ಈ ಮಾತು ಎತ್ತುತ್ತಲೇ ಇರಲಿಲ್ಲ. ಈಗಲೂ ಹಾಗೆ ಏನಾದರೂ ಇದ್ದರೆ ಮುಚ್ಚಿಡಬೇಡಿ. ಒಂದು ಮಾತು ಹೇಳಿ, ನಾಳೆಯೇ ಬನ್ನಿ. ಸುಮ್ನೆ ನೋಡಿಕೊಂಡು ಹೋಗಲಿಕ್ಕೆ ಎಂದಾದರೆ ಮಾತ್ರ ಮೂರು ದಿನ ತಡೆಯಿರಿ ಎಂದು ಕೇಳುತ್ತಿದ್ದೇನೆ.

ಕಾರಣ ನಮ್ಮ ಆಫೀಸಿನ ಕೆಲಸ. ಜುಲೈ 31, ಅಂದರೆ ಈ ಬುಧವಾರ, ಆದಾಯ ತೆರಿಗೆ ರಿಟರ್ನ್ ಹಾಕಲು ಕೊನೆಯ ದಿನ. ಸಂಬಳದವರು, ಪೆನ್ಷನ್‌ನವರು ಎಲ್ಲರದ್ದೂ ಅವತ್ತು ರಾತ್ರಿ 12 ಗಂಟೆಯ ಒಳಗೆ ಆಗಬೇಕು. ಮಾವನದ್ದು ನಾನು ಜೂನ್‌ನಲ್ಲೇ ಮಾಡಿದ್ದೆ, ನಿಮಗೆ ನೆನಪಿರಬಹುದು. ಡಿಪಾಸಿಟ್ ಬಡ್ಡಿಯಲ್ಲಿ ಬ್ಯಾಂಕಿನವರು ಹಿಡಿದಿದ್ದ ದುಡ್ಡು ಆಮೇಲೆ ವಾಪಸು ಬಂತಲ್ಲ, ಅದೇ ಕೆಲಸ. ಮಾವ ಎಲ್ಲ ಕಾಗದ ಒಂದೇ ಕವರಿನಲ್ಲಿ ಹಾಕಿ ಕೊಟ್ಟಿದ್ದರು, ಒಂದೇ ಸಂಜೆಗೆ ಮುಗಿಯಿತು. ಎಲ್ಲರೂ ಹಾಗೆ ಇರುವುದಿಲ್ಲ. ಹೆಚ್ಚಿನವರು ಬರುವುದೇ ಈ ಕೊನೆಯ ವಾರದಲ್ಲಿ. ಮಳೆ, ತೋಟಕ್ಕೆ ಮದ್ದು ಬಿಡುವುದು, ಮನೆಯಲ್ಲಿ ಜ್ವರ, ಒಬ್ಬೊಬ್ಬರಿಗೆ ಒಂದೊಂದು ಕಾರಣ. ಅವರನ್ನು ದೂರುವುದಿಲ್ಲ. ಈಗ ನನ್ನ ಮೇಜಿನ ಮೇಲೆ ಇನ್ನೂ ಮೂವತ್ತರ ಹತ್ತಿರ ಫೈಲು ಇದೆ.

ಅದನ್ನು ಆಫೀಸಿನಲ್ಲಿ ಬೇರೆ ಯಾರಿಗಾದರೂ ಕೊಡಬಾರದಾ ಎಂದು ಇವರೂ ಕೇಳಿದರು. ಇದು ನಿಮಗೆ ಚೆನ್ನಾಗಿ ಅರ್ಥ ಆಗುತ್ತದೆ ಅತ್ತೆ. ನೀರ್ಚಾಲು, ಕುಂಬಳೆ, ಮಧೂರು ಕಡೆಯಿಂದ ಬರುವ ರಿಟೈರ್ಡ್ ಮಾಷ್ಟ್ರುಗಳು, ಟೀಚರುಗಳು ಜಾಸ್ತಿ ನನ್ನ ಹತ್ತಿರವೇ ಬರುತ್ತಾರೆ. ಜೀವನ ಇಡೀ ಕನ್ನಡದಲ್ಲಿ ಪಾಠ ಮಾಡಿದವರು. ಮಲಯಾಳ ಮಾತಾಡುತ್ತಾರೆ, ಬರುತ್ತದೆ. ಆದರೆ ದುಡ್ಡಿನ ಲೆಕ್ಕವನ್ನು ಕನ್ನಡದಲ್ಲಿ ಕೇಳಿದರೆ ಅವರಿಗೆ ಧೈರ್ಯ. ನಮ್ಮ ಆಫೀಸಿನಲ್ಲಿ ಕನ್ನಡದಲ್ಲಿ ವಿವರಿಸುವವಳು ನಾನೊಬ್ಬಳೇ. ಮೊನ್ನೆ ಒಬ್ಬರು ಟೀಚರ್ ಬಂದಿದ್ದರು, ನಿಮ್ಮ ಪ್ರಾಯದವರೇ. ಟ್ರೆಷರಿಯಿಂದ ಬಂದ ಪೆನ್ಷನ್ ಲೆಕ್ಕ ಒಂದು ಕಡೆ, ಬ್ಯಾಂಕಿನ ಬಡ್ಡಿ ಇನ್ನೊಂದು ಕಡೆ. ಆಧಾರ್‌ಗೆ ಸೇರಿಸಿದ ಫೋನ್ ನಂಬರು ಬೆಂಗಳೂರಿನಲ್ಲಿರುವ ಮಗನದ್ದು. ಒಟಿಪಿ ಅಲ್ಲಿಗೆ ಹೋಗುತ್ತದೆ, ಮಗ ಮೀಟಿಂಗಿನಲ್ಲಿ ಇರುತ್ತಾನೆ. ಅವನು ನೋಡಿ ಹೇಳುವ ಹೊತ್ತಿಗೆ ಅದರ ಅವಧಿ ಮುಗಿದಿರುತ್ತದೆ. ಹೀಗೆ ಒಂದು ಫೈಲಿಗೇ ಅರ್ಧ ದಿನ ಹೋಗುತ್ತದೆ. ಅವರನ್ನು ಬೇರೆಯವರ ಕೈಗೆ ಕೊಟ್ಟು ಕಳಿಸಲು ನನಗೆ ಮನಸ್ಸು ಬರುವುದಿಲ್ಲ.

ದಿನ ತಪ್ಪಿದರೆ ಪೆಟ್ಟು ಬೀಳುವುದು ಅವರಿಗೆ. ವರ್ಷದ ಆದಾಯ ಐದು ಲಕ್ಷ ದಾಟಿದ್ದರೆ 5,000 ರೂಪಾಯಿ ಲೇಟ್ ಫೀ, ಅದಕ್ಕಿಂತ ಕಡಿಮೆ ಇದ್ದರೆ 1,000. ಅದಾದರೂ ಹೋಗಲಿ ಎನ್ನಬಹುದು. ತೆರಿಗೆಗೆ ಹಳೆಯದು, ಹೊಸದು ಎಂದು ಎರಡು ಲೆಕ್ಕ ಇದೆ. ಮನೆ ಸಾಲದ ಬಡ್ಡಿ, ಎಲ್‌ಐಸಿ ಎಲ್ಲ ತೋರಿಸಿ ತೆರಿಗೆ ಕಡಿಮೆ ಮಾಡಿಕೊಳ್ಳುವವರಿಗೆ ಹಳೆಯ ಲೆಕ್ಕದಲ್ಲೇ ಹಾಕಬೇಕು. ದಿನ ದಾಟಿದರೆ ಆ ಅವಕಾಶವೇ ಇಲ್ಲ, ಹೊಸ ಲೆಕ್ಕದಲ್ಲೇ ಕಟ್ಟಬೇಕು. ಕೆಲವರಿಗೆ ಅದರಲ್ಲಿ ಹೋಗುವ ದುಡ್ಡು ಲೇಟ್ ಫೀಗಿಂತ ಎಷ್ಟೋ ಜಾಸ್ತಿ. ನಂಬಿ ಕಾಗದ ಕೊಟ್ಟವರಿಗೆ ನನ್ನಿಂದ ಹಾಗೆ ಆಗಬಾರದು.

ದಿನ ಮುಂದೆ ಹಾಕುತ್ತಾರಂತೆ ಎಂದು ವಾಟ್ಸಾಪಿನಲ್ಲಿ ಬರುತ್ತಾ ಇದೆ. ನಿಮಗೂ ಯಾರಾದರೂ ಹೇಳಬಹುದು. ಸರಕಾರದ ಕಡೆಯಿಂದ ಏನೂ ಬಂದಿಲ್ಲ. ಅದನ್ನು ನಂಬಿ ಕೂತರೆ ಆಗುವುದಿಲ್ಲ. ಕೊನೆಯ ದಿನ ಎಲ್ಲರೂ ಒಟ್ಟಿಗೆ ಹಾಕಲು ಹೊರಟರೆ ವೆಬ್‌ಸೈಟ್ ನಿಧಾನ ಆಗುತ್ತದೆ. ಅದಕ್ಕೇ ನಾಳೆ, ನಾಡಿದ್ದು ಆದಷ್ಟು ಮುಗಿಸಿಬಿಡಬೇಕು.

ನೀವು ಈಗ ಏನು ಹೇಳುತ್ತೀರಿ ಎಂದು ನನಗೆ ಗೊತ್ತು. "ನೀನು ನಿನ್ನ ಕೆಲಸ ಮಾಡು, ನಾನೇನು ನೆಂಟಳಾ, ಅಡಿಗೆ ನಾನು ನೋಡಿಕೊಳ್ಳುತ್ತೇನೆ" ಎನ್ನುತ್ತೀರಿ. ನೀವು ಬಂದರೆ ನನಗೆ ಸಹಾಯವೇ ಆಗುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಪುಟ್ಟಿ ಹುಟ್ಟಿದಾಗ ನೀವು ಇಲ್ಲಿ ಬಂದು ನಿಂತದ್ದು ನಾನು ಮರೆಯುವ ವಿಷಯ ಅಲ್ಲ. ಆದರೆ ಈ ಮೂರು ದಿನ ಮನೆ ಮನೆಯ ಹಾಗೆ ಇಲ್ಲ ಅತ್ತೆ. ನೀವು ಮಲಗುವ ರೂಮಿನ ಮಂಚದ ತುಂಬ ಫೈಲು ಹರಡಿದೆ. ಯಾರ ಕಾಗದ ಎಲ್ಲಿದೆ ಎಂದು ನನಗೆ ಮಾತ್ರ ಗೊತ್ತು, ಎತ್ತಿಟ್ಟರೆ ಎಲ್ಲ ಬೆರಕೆ ಆಗುತ್ತದೆ. ರಾತ್ರಿ ಹನ್ನೆರಡು, ಒಂದು ಗಂಟೆಯವರೆಗೆ ಹಾಲಿನಲ್ಲಿ ಲೈಟು ಉರಿಯುತ್ತದೆ. ಫೋನು ಬರುತ್ತಲೇ ಇರುತ್ತದೆ. ಇವರು ಬೆಳಿಗ್ಗೆ ಮಂಗಳೂರಿನ ರೈಲಿಗೆ ಹೋದರೆ ಮನೆಗೆ ಬರುವುದು ಕತ್ತಲಾದ ಮೇಲೆ. ಪುಟ್ಟಿ ಶಾಲೆಗೆ. ನಾನು ಆಫೀಸಿಗೆ. ನೀವು ಅಷ್ಟು ದೂರದಿಂದ ಬಂದು, ಹಗಲಿಡೀ ಒಬ್ಬರೇ ಕೂತು, ರಾತ್ರಿ ನಿದ್ದೆ ಕೆಡಿಸಿಕೊಂಡು, ನನ್ನ ಮುಖ ಕೂಡ ಸರಿಯಾಗಿ ನೋಡದೆ ಹಿಂದೆ ಹೋಗುವುದು ನನಗೆ ಬೇಡ. ನೀವು ಏನಾದರೂ ಕೇಳುತ್ತೀರಿ, ನಾನು ಕಂಪ್ಯೂಟರ್ ನೋಡುತ್ತಾ ಹೂಂ ಹೂಂ ಎನ್ನುತ್ತೇನೆ. ನಿಮ್ಮ ಎದುರಿಗೆ ಹಾಗೆ ಇರಲು ನನಗೆ ಇಷ್ಟ ಇಲ್ಲ. ನೀವು ಬಂದಾಗ ನಿಮ್ಮ ಜೊತೆ ಕೂರಬೇಕು, ಅಡಿಗೆಮನೆಯಲ್ಲಿ ಇಬ್ಬರೂ ಮಾತಾಡುತ್ತಾ ಕೆಲಸ ಮಾಡಬೇಕು.

ಪುಟ್ಟಿಯನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಚಿಂತೆ ಬೇಡ. ಶಾಲೆ ಬಿಟ್ಟ ಮೇಲೆ ಕೆಳಗಿನ ಮನೆಯ ಚೇಚಿಯ ಹತ್ತಿರ ಇರುತ್ತಾಳೆ. ಅವರ ಮೊಮ್ಮಗಳೂ ಅದೇ ಪ್ರಾಯ, ಇಬ್ಬರೂ ಒಟ್ಟಿಗೆ ಓದುತ್ತಾರೆ. ಮಳೆ ಜೋರಾಗಿ ಕಲೆಕ್ಟರ್ ರಜೆ ಕೊಟ್ಟರೂ ಅಲ್ಲೇ ಬಿಡಿ ಎಂದಿದ್ದಾರೆ. ಊಟದ್ದೂ ತೊಂದರೆ ಇಲ್ಲ. ಹಪ್ಪಳ, ಉಪ್ಪಿನಕಾಯಿ ನೀವು ಕಳಿಸಿದ್ದೇ ಇದೆ. ಒಂದು ಸಾರು, ಕುಚ್ಚಿಲಕ್ಕಿ ಗಂಜಿ ಆದರೆ ಸಾಕು.

ಈಗ ಗುರುವಾರದ ಬಗ್ಗೆ ಹೇಳುತ್ತೇನೆ. 31 ಮುಗಿದ ಮೇಲೆ ನನಗೆ ಎರಡು ದಿನ ರಜೆ ಸಿಕ್ಕಿದೆ. ನೀವು ಗುರುವಾರ ಮಧ್ಯಾಹ್ನ ಊಟದ ಹೊತ್ತಿಗೆ ಇಲ್ಲಿ ಇರುತ್ತೀರಿ. ಸಂಜೆ ಪುಟ್ಟಿ ಶಾಲೆಯಿಂದ ಬಂದು ಬಾಗಿಲಲ್ಲಿ ನಿಮ್ಮನ್ನು ನೋಡಬೇಕು. ಅವಳಿಗೆ ಈಗಲೇ ಹೇಳುವುದಿಲ್ಲ. ಶುಕ್ರವಾರ ಮಧೂರಿಗೆ ಹೋಗಿ ದೇವರಿಗೆ ಕೈಮುಗಿದು ಬರೋಣ. ಅಪ್ಪದ ಪ್ರಸಾದ ತರಬೇಕು ಎಂದು ನೀವು ಕಳೆದ ಸಲವೇ ಹೇಳಿದ್ದಿರಿ. ನಿಮ್ಮ ಕನ್ನಡಕದ ಫ್ರೇಮು ಸಡಿಲ ಆಗಿದೆ ಎಂದು ಅಕ್ಕ ಹೇಳಿದರು, ಅದನ್ನೂ ಸರಿ ಮಾಡಿಸೋಣ.

ಶನಿವಾರ ಸಂಜೆ ನಾವು ಮೂವರೂ ನಿಮ್ಮ ಜೊತೆ ಪೆರ್ಲಕ್ಕೆ ಬರುತ್ತೇವೆ. ಭಾನುವಾರ ಆಟಿ ಅಮಾವಾಸ್ಯೆ ಅಲ್ವಾ. ಹಾಲೆ ಮರದ ಕಷಾಯ ಕುಡಿಯಬೇಕಾದರೆ ಅಲ್ಲೇ ಕುಡಿಯಬೇಕು. ಇಲ್ಲಿ ಪೇಟೆಯಲ್ಲಿ ಯಾರು ಯಾವ ಮರದ ತೊಗಟೆ ತರುತ್ತಾರೋ ನಂಬಲಿಕ್ಕಾಗುವುದಿಲ್ಲ. ಕಾಸರಕನ ತೊಗಟೆ ತಪ್ಪಿ ಸೇರಿದರೆ ಜೀವಕ್ಕೇ ಅಪಾಯ. ಮಾವ ತೋಟದ ಮೇಲಿನ ಮರ ಗುರುತಿಟ್ಟಿದ್ದಾರೆ. ಬೆಳಗಾಗುವ ಮೊದಲು ಅವರೇ ಹೋಗಿ ಕಲ್ಲಿನಿಂದ ಜಜ್ಜಿ ತೆಗೆದು ತಂದದ್ದಾದರೆ ನನಗೆ ಹೆದರಿಕೆ ಇಲ್ಲ. ಪುಟ್ಟಿ ಈ ಸಲ ಕಹಿ ಎಂದು ಅಳುವುದಿಲ್ಲವಂತೆ. ಮೇಲಿಂದ ಮೆಂತೆ ಗಂಜಿ ಕೊಡುತ್ತೀರಿ ಎಂಬ ಧೈರ್ಯ ಅವಳಿಗೆ. ಮಾವನಿಗೆ ನಾವು ಬರುವ ವಿಷಯ ಇವತ್ತೇ ಹೇಳಿ, ಅವರಿಗೂ ಖುಷಿ ಆಗುತ್ತದೆ.

ಹೀಗೆ ಮಾಡಿದರೆ ನೀವು ಇಲ್ಲಿ ಎರಡು ರಾತ್ರಿ ನೆಮ್ಮದಿಯಾಗಿ ಇರಬಹುದು. ಜೀಪಿನವರು ಹೊರಡುವ ಹೊತ್ತಿಗೆ ಸರಿಯಾಗಿ ಎದ್ದು ಓಡುವುದು ಬೇಡ. ಬರಲು ಹೋಗಲು ನಮ್ಮದೇ ಕಾರು. ಹೆದ್ದಾರಿಯ ಕೆಲಸ ಇನ್ನೂ ಮುಗಿದಿಲ್ಲ. ಈ ಮಳೆಯಲ್ಲಿ ನೀವು ಬಸ್ಸಿನಲ್ಲಿ ಒಬ್ಬರೇ ವಾಪಸು ಹೋಗುವುದು ನಮಗೆ ಇಬ್ಬರಿಗೂ ಸಮಾಧಾನದ ವಿಷಯ ಅಲ್ಲ. ನಿಮ್ಮ ಮೊಣಕಾಲು ನೋವು ಬೇರೆ ಇದೆ.

ಪತ್ರೊಡೆಗೆ ಕೆಸುವಿನ ಎಲೆ ಕೊಯ್ದು ಇಟ್ಟಿದ್ದೇನೆ ಎಂದಿರಿ. ಅದನ್ನು ನಾಳೆ ಅಲ್ಲೇ ಮಾಡಿ, ಮಾವನಿಗೆ ಕೊಡಿ. ಗುರುವಾರಕ್ಕೆ ಹೊಸದು ಕೊಯ್ದು ತನ್ನಿ, ಇಲ್ಲಿ ಇಬ್ಬರೂ ಸೇರಿ ಮಾಡೋಣ. ಅಕ್ಕಿ ನಾನು ನೆನೆಸಿ ಇಟ್ಟಿರುತ್ತೇನೆ. ಉಪ್ಪಿನ ಸೊಳೆ, ಹಲಸಿನ ಬೇಳೆ ಹಾಳಾಗುವಂಥದ್ದಲ್ಲ, ಗುರುವಾರವೇ ತನ್ನಿ. ಜೀಪಿನವರ ಕೈಯಲ್ಲಿ ಕಳಿಸುವುದು ಬೇಡ, ಹೊಸ ಬಸ್ ಸ್ಟ್ಯಾಂಡಿಗೆ ಬಂದು ತೆಗೆದುಕೊಳ್ಳಲು ನಾಳೆ ನನಗೆ ಪುರುಸೊತ್ತು ಇರುವುದಿಲ್ಲ.

ಇವರ ಹತ್ತಿರ ಮಾತಾಡಿಯೇ ಬರೆಯುತ್ತಿದ್ದೇನೆ. ಅಮ್ಮನಿಗೆ ತಾನೇ ಹೇಳುತ್ತೇನೆ ಎಂದರು. ನಾನೇ ಹೇಳಬೇಕು ಎನ್ನಿಸಿತು. ಕೆಲಸ ನನ್ನದು, ನೀವು ಬರುವುದೆಂದು ಹೇಳಿದ್ದೂ ನನ್ನ ಹತ್ತಿರ. ಮಗನ ಬಾಯಿಂದ ಕೇಳಿದರೆ ಸೊಸೆಗೆ ಬೇಡವಾಯಿತೋ ಏನೋ ಎಂದು ನಿಮ್ಮ ಮನಸ್ಸಿಗೆ ಒಂದು ಗಳಿಗೆಯೂ ಬರಬಾರದು. ನೀವು ಬರುವುದು ನನಗೆ ಬೇಕು. ಬರುವ ದಿನ ಮಾತ್ರ ಬದಲಾಯಿಸಿ ಕೊಡಿ.

ನಾಳೆ ರಾತ್ರಿ ಎಂಟು ಗಂಟೆಗೆ ಪುಟ್ಟಿಯ ಕೈಯಲ್ಲಿ ವಿಡಿಯೋ ಕಾಲ್ ಮಾಡಿಸುತ್ತೇನೆ. ಹೊರಗೆ ಜಗಲಿಯಲ್ಲಿ ಕೂತರೆ ರೇಂಜ್ ಸ್ವಲ್ಪ ಸಿಗುತ್ತದೆ. ಶಾಲೆಯಲ್ಲಿ ಕಲಿಸಿದ ಪದ್ಯ ಅಜ್ಜಿಗೆ ಹೇಳಬೇಕಂತೆ.

ಜೀಪಿನವರು ಸೀಟು ಬೇರೆಯವರಿಗೆ ಕೊಡುವುದಾದರೆ ಅವರಿಗೂ ಅನುಕೂಲ, ಹಾಗಾಗಿ ಇವತ್ತು ರಾತ್ರಿಯೇ ಒಂದು ಮಾತು ಹೇಳಿಬಿಡಿ. ಗುರುವಾರ ಇವರು ಹತ್ತು ಗಂಟೆಗೆ ನಿಮ್ಮಲ್ಲಿಗೆ ತಲುಪುತ್ತಾರೆ. ಬಿಪಿಯ ಮಾತ್ರೆ, ಮೊಣಕಾಲಿಗೆ ಹಚ್ಚುವ ಎಣ್ಣೆ ಚೀಲದಲ್ಲಿ ಹಾಕಲು ಮರೆಯಬೇಡಿ.

ಇದನ್ನು ಓದಿದ ಮೇಲೆ ಅಕ್ಕನ ಹತ್ತಿರ ಹೇಳಿ ಒಂದು ಉತ್ತರ ಹಾಕಿಸಿ. ಎಷ್ಟು ಹೊತ್ತಾದರೂ ನಾನು ಎದ್ದೇ ಇರುತ್ತೇನೆ.

ಮಾವನಿಗೆ ನನ್ನ ನಮಸ್ಕಾರ ಹೇಳಿ.

ನಿಮ್ಮ ಸೊಸೆ