ಮದುವೆ ಫೋಟೊ ಮತ್ತು ವಿಡಿಯೊ ಕೆಲಸದ ಕೊಟೇಶನ್

ದಿನಾಂಕ: 9 ನವೆಂಬರ್ 2026
ವಧುವಿನ ತಂದೆಯವರಿಗೆ

ಮಾನ್ಯರೆ,

ತಮ್ಮ ಮಗಳ ಮದುವೆಯ ಕೆಲಸಕ್ಕೆ ನಿನ್ನೆ ಮಾತಾಡಿಕೊಂಡ ದರ ಹೀಗಿದೆ. ಮುಂಗಡ ಬಂದಿರುವುದರಿಂದ ಇದು ಇನ್ನು ಬದಲಾಗುವುದಿಲ್ಲ.

ಕೆಲಸದ ಹೊತ್ತು
ಶನಿವಾರ, 13 ಫೆಬ್ರವರಿ 2027, ಆರತಕ್ಷತೆ: ಸಂಜೆ 4ರಿಂದ ರಾತ್ರಿ 10 (6 ಗಂಟೆ)
ಭಾನುವಾರ, 14 ಫೆಬ್ರವರಿ 2027, ಮುಹೂರ್ತ: ಬೆಳಿಗ್ಗೆ 5.30ರಿಂದ ಮಧ್ಯಾಹ್ನ 2.30 (9 ಗಂಟೆ)

ಒಟ್ಟು 15 ಗಂಟೆ. ಬರುವವರು ನಾಲ್ವರು: ಸಾಂಪ್ರದಾಯಿಕ ಫೋಟೊಗೆ ಒಬ್ಬರು, ಕ್ಯಾಂಡಿಡ್‌ಗೆ ಒಬ್ಬರು, ವಿಡಿಯೊಗೆ ಒಬ್ಬರು, ಲೈಟ್ ಹಿಡಿಯಲು ಒಬ್ಬರು.

ದರ
ಸಾಂಪ್ರದಾಯಿಕ ಫೋಟೊ, ಎರಡೂ ದಿನ: ರೂ. 28,000
ಕ್ಯಾಂಡಿಡ್, ಎರಡೂ ದಿನ: ರೂ. 36,000
ವಿಡಿಯೊ, ಎಡಿಟಿಂಗ್ ಸೇರಿ: ರೂ. 30,000
ಆಲ್ಬಮ್ ಒಂದು, ಪೆಟ್ಟಿಗೆ ಸಮೇತ: ರೂ. 22,000
ಮೊತ್ತ: ರೂ. 1,16,000
ರಿಯಾಯಿತಿ: ರೂ. 6,000
ಕೊಡಬೇಕಾದದ್ದು: ರೂ. 1,10,000

ನಮಗೆ ಜಿಎಸ್‌ಟಿ ನೋಂದಣಿ ಇಲ್ಲ, ಹಾಗಾಗಿ ಇದರ ಮೇಲೆ ತೆರಿಗೆ ಸೇರುವುದಿಲ್ಲ. ಡ್ರೋನ್, ಲೈವ್ ಪ್ರಸಾರ ಮತ್ತು ಎರಡನೇ ಆಲ್ಬಮ್ ಇದರಲ್ಲಿಲ್ಲ. ಬೀಗರ ಮನೆಗೆ ಇದೇ ಆಲ್ಬಮ್‌ನ ಇನ್ನೊಂದು ಪ್ರತಿ ಬೇಕಾದರೆ ರೂ. 11,000, ಅದನ್ನು ಮೊದಲ ಪ್ರಿಂಟ್‌ಗೆ ಹೋಗುವ ಮುಂಚೆಯೇ ಹೇಳಬೇಕು.

ಹೆಚ್ಚುವರಿ ಗಂಟೆ
ಗಂಟೆಗೆ ರೂ. 4,000, ನಾಲ್ವರಿಗೂ ಸೇರಿ. ಕಾರ್ಯಕ್ರಮ ತಡವಾಗಿ ಶುರುವಾದರೂ ಲೆಕ್ಕ ಮೇಲೆ ಬರೆದ ಹೊತ್ತಿನಿಂದಲೇ ನಡೆಯುತ್ತದೆ, ಏಕೆಂದರೆ ನಮ್ಮವರು ಆ ಹೊತ್ತಿಗೆ ಛತ್ರದಲ್ಲಿರುತ್ತಾರೆ. ಕೊನೆಯಲ್ಲಿ 15 ನಿಮಿಷದವರೆಗೆ ಮೀರಿದರೆ ಹಣವಿಲ್ಲ. ಅದಕ್ಕಿಂತ ಹೆಚ್ಚಾದರೆ ಮೊದಲ ನಿಮಿಷದಿಂದ ಅರ್ಧ ಗಂಟೆಯ ಲೆಕ್ಕ. ಆರತಕ್ಷತೆ 10ರ ಬದಲು 11.20ಕ್ಕೆ ಮುಗಿದರೆ ಒಂದೂವರೆ ಗಂಟೆ, ರೂ. 6,000. ಬರೀ ಸಾಂಪ್ರದಾಯಿಕ ಫೋಟೊದವರು ನಿಂತರೆ ಸಾಕು ಎಂದರೆ ಗಂಟೆಗೆ ರೂ. 1,500.

ರಾತ್ರಿ 9.45ಕ್ಕೆ ನಮ್ಮವರು ಬಂದು ಕೇಳುತ್ತಾರೆ. ‘ಮುಂದುವರಿಸಿ’ ಎನ್ನುವವರು ನೀವೊಬ್ಬರೇ ಆಗಿರಲಿ; ಸ್ಟೇಜ್ ಮೇಲಿಂದ ಯಾರೋ ನೆಂಟರು ಹೇಳಿದ್ದಕ್ಕೆ ನಾವು ಬಿಲ್ ಹಾಕುವುದಿಲ್ಲ, ನಿಲ್ಲುವುದೂ ಇಲ್ಲ.

ಆಲ್ಬಮ್
ಬಿಚ್ಚಿಟ್ಟಾಗ 12×36 ಇಂಚು, 40 ಶೀಟ್, ಅಂದರೆ 80 ಪುಟ. ಶೀಟಿಗೆ ಸರಾಸರಿ 5 ಫೋಟೊದಂತೆ 200 ಫೋಟೊ ಕೂರುತ್ತವೆ. ಎಲ್ಲರೂ ಎಡವುವುದು ಇಲ್ಲೇ. 300 ಆರಿಸಿ ‘ಅದರಲ್ಲೇ ಹಾಕಿ’ ಎಂದರೆ ಮುಖಗಳು ಅಂಚೆಚೀಟಿಯಷ್ಟಾಗುತ್ತವೆ. ಇನ್ನೂ 20 ಶೀಟ್ ಸೇರಿಸುವುದೇ ಸರಿ. ಹೆಚ್ಚುವರಿ ಶೀಟಿಗೆ ರೂ. 350, ಆಗ ರೂ. 7,000 ಹೆಚ್ಚಾಗುತ್ತದೆ.

ಮದುವೆಯಾದ 15 ದಿನಕ್ಕೆ ಫೋಟೊಗಳನ್ನು ನೀವು ತರುವ 128 ಜಿಬಿ ಪೆನ್‌ಡ್ರೈವ್‌ಗೆ ಹಾಕಿಕೊಡುತ್ತೇವೆ. ಆಯ್ಕೆಯನ್ನು DSC_0412 ಎಂಬಂತೆ ಫೈಲ್ ಹೆಸರಿನಲ್ಲೇ ಬರೆದು ಕಳಿಸಿ. ಸ್ಕ್ರೀನ್‌ಶಾಟ್ ಕಳಿಸಿದರೆ ಮೂಲ ಫೈಲ್ ಹೆಸರು ಬರುವುದಿಲ್ಲ, ಒಂದೊಂದನ್ನೂ ಕಣ್ಣಲ್ಲೇ ಹುಡುಕಬೇಕಾಗುತ್ತದೆ. ಡಿಸೈನ್‌ನಲ್ಲಿ ಎರಡು ಸಲ ತಿದ್ದುಪಡಿ ಉಚಿತ. ನೀವು ಒಪ್ಪಿದ 30 ದಿನದಲ್ಲಿ ಆಲ್ಬಮ್ ಕೈಗೆ ಬರುತ್ತದೆ. ಆಮೇಲೆ 3 ತಿಂಗಳು ಫೈಲ್‌ಗಳು ನಮ್ಮ ಹಾರ್ಡ್‌ಡಿಸ್ಕ್‌ನಲ್ಲಿರುತ್ತವೆ, ನಂತರ ಅಳಿಸುತ್ತೇವೆ.

ಹಣ
ಮುಂಗಡ ರೂ. 30,000, 8 ನವೆಂಬರ್ 2026ರಂದು ಯುಪಿಐ ಮೂಲಕ ಸಂದಿದೆ. ಬಾಕಿ ರೂ. 80,000: ಆರತಕ್ಷತೆಯ ದಿನ ಕೆಲಸ ಶುರುವಾಗುವ ಮುಂಚೆ 50,000, ಡಿಸೈನ್ ಒಪ್ಪಿದಾಗ 20,000, ಆಲ್ಬಮ್ ಪಡೆಯುವಾಗ 10,000. ಹೆಚ್ಚುವರಿ ಗಂಟೆ ಮತ್ತು ಶೀಟಿನ ಹಣ ಕೊನೆಯ ಕಂತಿನ ಜೊತೆ.

ಮದುವೆ ಮುಂದೂಡಿದರೆ 30 ದಿನ ಮೊದಲು ತಿಳಿಸಿ, ನಮಗೆ ಬಿಡುವಿರುವ ಹೊಸ ದಿನಾಂಕಕ್ಕೆ ಮುಂಗಡ ಹಾಗೇ ಸೇರುತ್ತದೆ. ರದ್ದಾದರೆ ಮುಂಗಡ ವಾಪಸಿಲ್ಲ. ನಮ್ಮಿಂದಲೇ ಬರಲಾಗದೆ, ಬದಲಿ ತಂಡವೂ ಸಿಗದಿದ್ದರೆ ಪೂರ್ತಿ ಮುಂಗಡ ವಾಪಸ್.

ಛತ್ರದಲ್ಲಿ ಆಗಬೇಕಾದ್ದು
ಸ್ಟೇಜಿನ ಹತ್ತಿರ 15 ಆಂಪಿಯರ್‌ನ ಎರಡು ಪಾಯಿಂಟ್ ಬಿಡಿಸಿ. ಹಿಂದೆ ಎಲ್‌ಇಡಿ ವಾಲ್ ಹಾಕಿಸುವುದಾದರೆ ಬ್ರೈಟ್‌ನೆಸ್ ತಗ್ಗಿಸಲು ಡೆಕೊರೇಶನ್‌ನವರಿಗೆ ಈಗಲೇ ಹೇಳಿ. ಇಲ್ಲದಿದ್ದರೆ ಮುಖಕ್ಕೆ ನೀಲಿ ಬಣ್ಣ ಬೀಳುತ್ತದೆ. ಆ ನೀಲಿಯನ್ನು ಎಡಿಟಿಂಗ್‌ನಲ್ಲಿ ಪೂರ್ತಿ ತೆಗೆಯಲಾಗದು.

ಆರತಕ್ಷತೆಗೆ ಮುಂಚೆ ಜೋಡಿಯ ಫೋಟೊಗೆ 40 ನಿಮಿಷ ಬೇಕು. ಮೇಕಪ್ 4.30ಕ್ಕೆ ಮುಗಿಯಲಿ, ನೆಂಟರು ಸಾಲು ನಿಂತ ಮೇಲೆ ಆ ಹೊತ್ತು ಮತ್ತೆ ಸಿಗುವುದಿಲ್ಲ. ಮಾಂಗಲ್ಯಧಾರಣೆಯ ಹೊತ್ತಿಗೆ ಮಂಟಪದ ಎದುರು ಆರಡಿ ಜಾಗ ಖಾಲಿ ಇರಬೇಕು. ಆಗ ಮೊಬೈಲ್ ಹಿಡಿದ ಕೈ ಅಡ್ಡ ಬಂದರೆ ‘ಇನ್ನೊಮ್ಮೆ ಕಟ್ಟಿ’ ಎನ್ನುವಂತಿಲ್ಲ, ಆದ್ದರಿಂದ ಇಬ್ಬರು ಹುಡುಗರನ್ನು ಅಲ್ಲಿ ನಿಲ್ಲಿಸಿ.

ಭಾನುವಾರ ನಮ್ಮವರಲ್ಲಿ ಇಬ್ಬರಿಗೆ ಮೊದಲ ಪಂಕ್ತಿಯಲ್ಲಿ, ಉಳಿದಿಬ್ಬರಿಗೆ ಎರಡನೆಯದರಲ್ಲಿ ಊಟಕ್ಕೆ ಹೇಳಿಡಿ; ಆಗ ಸ್ಟೇಜ್ ಹತ್ತಿರ ಯಾವಾಗಲೂ ಒಂದು ಕ್ಯಾಮೆರಾ ಇರುತ್ತದೆ.