ವಾರ್ಷಿಕ ಕಾರ್ಯ ಮೌಲ್ಯಮಾಪನ ವರದಿ: ಸಹಾಯಕ ಪ್ರಾಧ್ಯಾಪಕಿ, ಕನ್ನಡ ವಿಭಾಗ

ಗೋಪ್ಯ
ಇವರಿಗೆ: ಪ್ರಾಂಶುಪಾಲರು
ಇವರಿಂದ: ಮುಖ್ಯಸ್ಥರು, ಕನ್ನಡ ವಿಭಾಗ, ಮಾಟುಂಗಾ, ಮುಂಬಯಿ
ಅವಧಿ: 2024-25ನೇ ಶೈಕ್ಷಣಿಕ ವರ್ಷ

ಮಾನ್ಯರೇ,

ನಮ್ಮ ವಿಭಾಗದ ಸಹಾಯಕ ಪ್ರಾಧ್ಯಾಪಕಿಯವರು ಭರ್ತಿ ಮಾಡಿ ಕೊಟ್ಟ ಸ್ವಮೌಲ್ಯಮಾಪನ ನಮೂನೆಯನ್ನು ತರಗತಿ ದಿನಚರಿ, ಹಾಜರಿ ಪುಸ್ತಕ ಮತ್ತು ವಿದ್ಯಾರ್ಥಿಗಳ ಅಭಿಪ್ರಾಯ ಪತ್ರಗಳೊಂದಿಗೆ ತಾಳೆ ನೋಡಿದ್ದೇನೆ. ಅವರು ಬರೆದುಕೊಂಡಿದ್ದರಲ್ಲಿ ಉತ್ಪ್ರೇಕ್ಷೆಯಿಲ್ಲ. ಬರೆದುಕೊಳ್ಳದೆ ಬಿಟ್ಟದ್ದೇ ಹೆಚ್ಚು.

ಬೋಧನೆ

ಯುಜಿಸಿಯ 2018ರ ನಿಯಮಾವಳಿಯಂತೆ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆಗಳ ನೇರ ಬೋಧನೆಯಿದೆ. ನಿಗದಿಯಾದ ತರಗತಿಗಳಲ್ಲಿ ಶೇಕಡಾ 80 ಅಥವಾ ಅದಕ್ಕೂ ಹೆಚ್ಚು ತೆಗೆದುಕೊಂಡವರಿಗೆ ‘ಉತ್ತಮ’ ಶ್ರೇಣಿ ಸಲ್ಲುತ್ತದೆ. ಇವರು ಆ ಗೆರೆಯನ್ನು ಸಲೀಸಾಗಿ ದಾಟಿದ್ದಾರೆ. ಮಳೆಗೆ ಲೋಕಲ್ ರೈಲು ನಿಂತು ತಪ್ಪಿದ ತರಗತಿಗಳನ್ನೂ ಶನಿವಾರಗಳಲ್ಲಿ ಮುಗಿಸಿಕೊಟ್ಟರು.

ಗಂಟೆಗಳ ಲೆಕ್ಕ ಇಷ್ಟೇ. ನಮ್ಮ ತರಗತಿಯ ಸ್ವರೂಪ ತಿಳಿಯದೆ ಇವರ ಕೆಲಸದ ತೂಕ ತಿಳಿಯುವುದಿಲ್ಲ. ಮನೆಯಲ್ಲಿ ತುಳುವನ್ನೋ ಕನ್ನಡವನ್ನೋ ಆಡುತ್ತ, ಶಾಲೆಯಲ್ಲಿ ಮರಾಠಿ, ಇಂಗ್ಲಿಷ್ ಕಲಿತು, ಕನ್ನಡ ಲಿಪಿಯನ್ನು ತಡವರಿಸಿ ಓದುವ ಮಕ್ಕಳ ಪಕ್ಕದಲ್ಲೇ ಸೊಲ್ಲಾಪುರ, ಅಕ್ಕಲಕೋಟೆಯ ಕನ್ನಡ ಶಾಲೆಗಳಲ್ಲಿ ಕಲಿತು ನಿರರ್ಗಳವಾಗಿ ಓದುವವರು ಕುಳಿತಿರುತ್ತಾರೆ. ಮೊದಲ ವರ್ಷದವರಿಗೆ ಇವರು ಬೆಳಗಿನ ತರಗತಿಗೆ ಮುನ್ನ ಅರ್ಧ ಗಂಟೆ ಲಿಪಿಪಾಠ ನಡೆಸುತ್ತಾರೆ. ಇದು ಕಾರ್ಯಭಾರದಲ್ಲಿ ಸೇರಿಲ್ಲ. ಸೇರಿಸಿ ಎಂದು ಅವರು ಕೇಳಿಯೂ ಇಲ್ಲ.

ನಾನು ಕುಳಿತು ನೋಡಿದ ವಚನಗಳ ಪಾಠದಲ್ಲಿ, ದಿನವೂ ಕಲ್ಯಾಣದಿಂದ ರೈಲು ಹಿಡಿದು ಬರುವ ಹುಡುಗನೊಬ್ಬ, ಬಸವಣ್ಣನವರ ಕಲ್ಯಾಣ ನಮ್ಮ ಕಲ್ಯಾಣವೇ ಎಂದು ಕೇಳಿದ. ತರಗತಿ ನಕ್ಕಿತು, ಇವರು ನಗಲಿಲ್ಲ. ಭೂಪಟ ತರಿಸಿ ಬೀದರ ಜಿಲ್ಲೆಯ ಬಸವಕಲ್ಯಾಣವನ್ನು ತೋರಿಸಿದರು. ಅಲ್ಲಿಂದ ಪಂಢರಪುರದತ್ತ ಬೆರಳು ಸರಿಸಿ, ಮಕ್ಕಳು ಶಾಲೆಯಲ್ಲಿ ಕಲಿತಿದ್ದ ತುಕಾರಾಮರ ಅಭಂಗಗಳನ್ನು ಅವರಿಂದಲೇ ಹೇಳಿಸಿ, ವಚನಕ್ಕೂ ಅಭಂಗಕ್ಕೂ ಇರುವ ವ್ಯತ್ಯಾಸವನ್ನು ಅವರೇ ಗುರುತಿಸುವಂತೆ ಮಾಡಿದರು. ಪಾಠ ಟಿಪ್ಪಣಿಯಲ್ಲಿ ಇದು ಇರಲಿಲ್ಲ. ವಿಷಯದ ಮೇಲೆ ಹಿಡಿತವಿದ್ದವರು ಮಾತ್ರ ಹೀಗೆ ದಾರಿ ಬಿಟ್ಟು ಹೋಗಿ ಮರಳಿ ಬರಬಲ್ಲರು.

ಒಂದು ದೂರು ಇದೆ, ಅದು ನ್ಯಾಯವಾದದ್ದು. ಕಿರುಪರೀಕ್ಷೆಯ ಉತ್ತರ ಪತ್ರಿಕೆಗಳು ತಡವಾಗಿ ಕೈಸೇರುತ್ತವೆ. ಅಂಚಿನಲ್ಲಿ ಇವರು ಬರೆಯುವ ಟಿಪ್ಪಣಿಗಳು ಅಮೂಲ್ಯ, ಆದರೆ ಮುಂದಿನ ಪರೀಕ್ಷೆ ಮುಗಿದ ಮೇಲೆ ಬಂದರೆ ಓದುವವರು ಯಾರು? ಶ್ರೇಣಿ: ಉತ್ತಮ.

ಸಂಶೋಧನೆ

ಈ ವರ್ಷ ಪ್ರಕಟವಾದದ್ದು ಒಂದೇ ಲೇಖನ: ಮುಂಬಯಿಯ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿದ ಹೋಟೆಲ್ ಕಾರ್ಮಿಕರ ನೆನಪುಗಳನ್ನು ಕುರಿತದ್ದು. ಯುಜಿಸಿ ತನ್ನ ‘ಕೇರ್’ ನಿಯತಕಾಲಿಕೆಗಳ ಪಟ್ಟಿಯನ್ನು 2025ರ ಫೆಬ್ರುವರಿಯಲ್ಲಿ ಕೈಬಿಟ್ಟಿರುವುದರಿಂದ, ಪಟ್ಟಿಯಲ್ಲಿದೆಯೇ ಎಂದು ನೋಡಿ ಅಂಕ ಹಾಕುವ ಸುಲಭದ ದಾರಿ ಈಗ ಇಲ್ಲ. ಲೇಖನವನ್ನು ಓದಿಯೇ ಹೇಳುತ್ತಿದ್ದೇನೆ: ಸಂದರ್ಶನಗಳು ಗಟ್ಟಿಯಾಗಿವೆ, ವಿಶ್ಲೇಷಣೆ ತೆಳುವಾಗಿದೆ. ಮಾತನಾಡಿದವರೆಲ್ಲ ಗಂಡಸರೇ ಏಕೆ ಎಂಬ ಪ್ರಶ್ನೆಯನ್ನು ಲೇಖನ ಎತ್ತುವುದೇ ಇಲ್ಲ. ಈ ಹಿರಿಯರಲ್ಲಿ ಹಲವರು ಎಂಬತ್ತು ದಾಟಿದವರು, ಆದ್ದರಿಂದ ಕೆಲಸ ಮುಂದೂಡುವಂಥದ್ದಲ್ಲ. ಪಿಎಚ್.ಡಿ. ಮಾತ್ರ ಕುಂಟುತ್ತಿದೆ. ಸಹ ಪ್ರಾಧ್ಯಾಪಕ ಹುದ್ದೆಗೆ ಅದು ಕಡ್ಡಾಯವೆಂಬುದು ಅವರಿಗೂ ಗೊತ್ತು. ಶ್ರೇಣಿ: ಸಮಾಧಾನಕರ.

ವಿದ್ಯಾರ್ಥಿ ಮಾರ್ಗದರ್ಶನ

ನಮೂನೆಯಲ್ಲಿ ಇದಕ್ಕೆ ಎರಡೇ ಸಾಲಿನ ಜಾಗವಿದೆ. ಹೋಟೆಲೊಂದರಲ್ಲಿ ಕೆಲಸ ಮಾಡುತ್ತ ಓದುವ ವಿದ್ಯಾರ್ಥಿಯೊಬ್ಬ ಹಾಜರಿ ಸಾಲದೆ ಕಾಲೇಜು ಬಿಡುವವನಿದ್ದ. ಇವರು ಅವನ ಯಜಮಾನರನ್ನು ಭೇಟಿಯಾಗಿ ಪಾಳಿ ಬದಲಿಸಿಕೊಡುವಂತೆ ಒಪ್ಪಿಸಿದರು. ಆದರೆ ಹಾಜರಿಯಲ್ಲಿ ಒಂದು ದಿನದ ರಿಯಾಯಿತಿಯನ್ನೂ ಕೊಡಲಿಲ್ಲ. ಆ ಎರಡನೆಯದನ್ನು ನಾನು ಹೆಚ್ಚು ಮೆಚ್ಚುತ್ತೇನೆ. ಶ್ರೇಣಿ: ಉತ್ತಮ.

ಆಡಳಿತ

ಪರೀಕ್ಷಾ ಸಮಿತಿ, ನ್ಯಾಕ್ ದಾಖಲೆಗಳು, ಸಾಂಸ್ಕೃತಿಕ ಸಮಿತಿ, ಹೊಸ ಶಿಕ್ಷಣ ನೀತಿಯ ಪಠ್ಯಕ್ರಮಕ್ಕೆ ಸಂಬಂಧಿಸಿದ ಕಾಗದಪತ್ರ, ಇವೆಲ್ಲವೂ ಇವರ ಮೇಜಿನ ಮೇಲಿವೆ. ಆಂತರಿಕ ಅಂಕಗಳನ್ನು ಎರಡೂ ಸೆಮಿಸ್ಟರ್‌ಗಳಲ್ಲಿ ಗಡುವು ಮೀರಿ ಸಲ್ಲಿಸಿದ್ದಾರೆ. ಕಚೇರಿಯ ಆಕ್ಷೇಪ ಸರಿಯಾದದ್ದೇ. ಆದರೂ ಒಲ್ಲೆ ಎನ್ನಲು ಬಾರದವರ ಮೇಲೆಯೇ ಸಮಿತಿಗಳನ್ನು ಹೇರುವ ಅಭ್ಯಾಸ ನಮ್ಮ ಕಾಲೇಜಿನಲ್ಲಿ ಇದೆ ಎಂಬುದನ್ನೂ ದಾಖಲಿಸಬೇಕು. ಶ್ರೇಣಿ: ಸಮಾಧಾನಕರ.

ಶಿಫಾರಸು

ಒಟ್ಟಾರೆ ‘ಉತ್ತಮ’ ಶ್ರೇಣಿ ನೀಡಿ, ಹಂತ 10ರಿಂದ 11ಕ್ಕೆ ಬಡ್ತಿಗಾಗಿ ಇವರ ಹೆಸರನ್ನು ಪರಿಶೀಲನಾ ಸಮಿತಿಗೆ ಕಳುಹಿಸಬೇಕೆಂದು ಕೋರುತ್ತೇನೆ. ಮುಂದಿನ ವರ್ಷ ಪರೀಕ್ಷಾ ಸಮಿತಿ ಮತ್ತು ಸಾಂಸ್ಕೃತಿಕ ಸಮಿತಿಯಿಂದ ಬಿಡುಗಡೆ ಮಾಡಿ, ಲಿಪಿಪಾಠವನ್ನು ವೇಳಾಪಟ್ಟಿಯಲ್ಲಿ ಸೇರಿಸಬೇಕು. ಪ್ರತಿಯಾಗಿ ಅವರು ಉತ್ತರ ಪತ್ರಿಕೆಗಳನ್ನು ಎರಡು ವಾರಗಳೊಳಗೆ ಹಿಂದಿರುಗಿಸಲು ಮತ್ತು ದೀಪಾವಳಿ ರಜೆ ಮುಗಿಯುವುದರೊಳಗೆ ಮಹಾಪ್ರಬಂಧದ ಎರಡು ಅಧ್ಯಾಯಗಳನ್ನು ಮಾರ್ಗದರ್ಶಕರಿಗೆ ಒಪ್ಪಿಸಲು ಲಿಖಿತವಾಗಿ ಸಮ್ಮತಿಸಿದ್ದಾರೆ. ಆ ಪತ್ರವನ್ನು ಲಗತ್ತಿಸಿದೆ. ಈ ವರದಿಯನ್ನು ಅವರಿಗೆ ಓದಿಸಿದ್ದೇನೆ. ಸಂಶೋಧನೆಯ ಶ್ರೇಣಿಯ ಬಗ್ಗೆ ಅವರಿಗಿರುವ ಭಿನ್ನಾಭಿಪ್ರಾಯವನ್ನು ಅವರದೇ ಕೈಬರಹದಲ್ಲಿ ಜೊತೆಗಿರಿಸಲಾಗಿದೆ.

ತಮ್ಮ ವಿಶ್ವಾಸಿ,
ಮುಖ್ಯಸ್ಥರು, ಕನ್ನಡ ವಿಭಾಗ