ನಿದ್ದೆಗೇಡು ಮತ್ತು ನೆನಪು ಗಟ್ಟಿಯಾಗುವುದು: ಸಾಹಿತ್ಯ ಸಮೀಕ್ಷೆಯ ರೂಪರೇಷೆ

ಬಿ.ಎ. ಮನೋವಿಜ್ಞಾನ, ಮೂರನೇ ವರ್ಷ, ಆರನೇ ಸೆಮಿಸ್ಟರ್, ಕಲಬುರಗಿ. ಇಬ್ಬರ ತಂಡ. ಪೂರ್ಣ ಬರಹದ ಮಿತಿ 4,000 ಪದ. ಗೈಡ್ ಮೇಡಂ ಅವರ ಓದಿಗೆ ಎರಡನೇ ಕರಡು.

ನಮ್ಮ ಪ್ರಶ್ನೆ

ನಿದ್ದೆಗೆಟ್ಟರೆ ನೆನಪು ಕೆಡುತ್ತದೆ ಎಂಬುದನ್ನು ತೋರಿಸಲು ಸಮೀಕ್ಷೆ ಬೇಕಾಗಿಲ್ಲ. ನಮ್ಮ ಪ್ರಶ್ನೆ ಅದಕ್ಕಿಂತ ಇಕ್ಕಟ್ಟಿನದು: ನಿದ್ದೆ ಯಾವ ಹೊತ್ತಿಗೆ ತಪ್ಪಿದರೆ ನೆನಪಿನ ಯಾವ ಹಂತ ಕೆಡುತ್ತದೆ? ಹಂತಗಳು ಮೂರು. ಕಲಿಯುವ ಮೊದಲು ನಿದ್ದೆ ಇಲ್ಲದಿದ್ದರೆ ವಿಷಯ ತಲೆಯೊಳಗೆ ಇಳಿಯುವುದೇ ಕಷ್ಟ. ಕಲಿತ ನಂತರ ತಪ್ಪಿದರೆ ಇಳಿದದ್ದು ಗಟ್ಟಿಯಾಗುವುದಿಲ್ಲ ಎಂಬುದು ವಾದ. ಪರೀಕ್ಷೆಯ ಹಿಂದಿನ ರಾತ್ರಿ ತಪ್ಪಿದರೆ, ಗಟ್ಟಿಯಾಗಿ ಕೂತ ನೆನಪನ್ನೂ ಹೊರಗೆ ತೆಗೆಯಲು ಆಯಾಸ ಬಿಡುವುದಿಲ್ಲ. ಪಠ್ಯಪುಸ್ತಕಗಳು ಈ ಮೂರನ್ನೂ ಒಂದೇ ವಾಕ್ಯದಲ್ಲಿ ಮುಗಿಸುತ್ತವೆ. ಶೀರ್ಷಿಕೆಯಲ್ಲಿರುವ ‘ಗಟ್ಟಿಯಾಗುವುದು’ ಎರಡನೆಯದಕ್ಕೆ ಮಾತ್ರ ಸಲ್ಲುವ ಮಾತು. ಹಾಗಾಗಿ ಓದಿದ ಪ್ರತಿ ಪ್ರಯೋಗವನ್ನೂ ಮೊದಲು ಈ ಮೂರರಲ್ಲಿ ಎಲ್ಲಿ ಬರುತ್ತದೆಂದು ಗುರುತಿಸಿ, ಆಮೇಲೆಯೇ ಅದರ ಫಲಿತಾಂಶ ಬರೆಯುತ್ತೇವೆ.

ಹುಡುಕಾಟ ಮತ್ತು ಆಯ್ಕೆ (ಪದಮಿತಿಯ ಹೊರಗೆ, ಅನುಬಂಧದಲ್ಲಿ)

ಪಬ್‌ಮೆಡ್‌ನಲ್ಲಿ ಈ ಸಾಲು:

```
("sleep deprivation"[tiab] OR "sleep restriction"[tiab] OR "sleep loss"[tiab])
AND ("memory consolidation"[tiab] OR "overnight retention"[tiab])
```

`NOT apnea` ಎಂದು ಸೇರಿಸಿಲ್ಲ. ಉಸಿರುಗಟ್ಟುವ ಕಾಯಿಲೆಯ ರೋಗಿಗಳನ್ನು ಕೈಬಿಟ್ಟಿದ್ದೇವೆ ಎಂದು ಸಾರಾಂಶದಲ್ಲಿ ಬರೆದುಕೊಂಡ ಒಳ್ಳೆಯ ಪ್ರಯೋಗಗಳೂ ಆ ಒಂದು ಪದದಿಂದ ಜಾರಿಹೋಗುತ್ತವೆ. ಅಂಥವನ್ನು ಕೈಯಿಂದಲೇ ಆರಿಸಬೇಕು. ಗೂಗಲ್ ಸ್ಕಾಲರ್ ಅನ್ನು ಹುಡುಕಲು ಬಳಸುವುದಿಲ್ಲ, ಒಂದು ಪ್ರಬಂಧವನ್ನು ಮುಂದೆ ಯಾರು ಉಲ್ಲೇಖಿಸಿದ್ದಾರೆ ಎಂದು ನೋಡಲು ಮಾತ್ರ. ಪೂರ್ಣ ಪಾಠ ಪಬ್‌ಮೆಡ್ ಸೆಂಟ್ರಲ್‌ನಲ್ಲಿ ಇಲ್ಲದಿದ್ದರೆ ಕಾಲೇಜಿನ ಎನ್-ಲಿಸ್ಟ್ ಲಾಗಿನ್, ಅಲ್ಲೂ ಸಿಗದಿದ್ದರೆ ಲೇಖಕರಿಗೆ ಇಮೇಲ್. ಸಾರಾಂಶ ಮಾತ್ರ ಓದಿದ ಪ್ರಬಂಧ ಸಮೀಕ್ಷೆಗೆ ಬರುವುದಿಲ್ಲ.

ಒಳಗೆ ಬರುವವು: ಆರೋಗ್ಯವಂತ ಹದಿಹರೆಯದವರು ಮತ್ತು ವಯಸ್ಕರು, ಹೋಲಿಕೆಗೆ ಮಲಗಿದ ಗುಂಪು, ನೆನಪಿನ ನೇರ ಅಳತೆ. ಇಲಿಗಳ ಪ್ರಯೋಗಗಳು ಯಾಂತ್ರಿಕತೆ ವಿವರಿಸುವ ಕಡೆ ಮಾತ್ರ. ಹೊರಗೆ ಉಳಿಯುವವು: ನಿದ್ರಾಹೀನತೆಯ ರೋಗಿಗಳು, ಗಮನದ ಪರೀಕ್ಷೆ ಮಾತ್ರ ಮಾಡಿ ‘ನೆನಪು’ ಎಂದು ಹೆಸರಿಟ್ಟವು.

ಪೀಠಿಕೆ — 400 ಪದ

ಮೂರು ಪ್ಯಾರಾ ಸಾಕು. ಒಂದರಲ್ಲಿ ಎಬ್ಬಿಂಗ್‌ಹೌಸ್ 1885ರಲ್ಲಿ ಮರೆವಿನ ವೇಗ ಅಳೆದದ್ದು, ಮ್ಯೂಲರ್ ಮತ್ತು ಪಿಲ್ಜೆಕರ್ 1900ರಲ್ಲಿ ಹೊಸ ನೆನಪು ಗಟ್ಟಿಯಾಗಲು ಸಮಯ ಬೇಕೆಂದು ಹೇಳಿದ್ದು. ಎರಡನೆಯದರಲ್ಲಿ ಜೆಂಕಿನ್ಸ್ ಮತ್ತು ಡಾಲನ್‌ಬಾಕ್ 1924ರಲ್ಲಿ ಮಾಡಿದ ಪ್ರಯೋಗ: ಅರ್ಥವಿಲ್ಲದ ಉಚ್ಚಾರಾಂಶಗಳನ್ನು ಕಲಿಸಿ 1, 2, 4, 8 ಗಂಟೆ ನಿದ್ದೆ ಅಥವಾ ಎಚ್ಚರದ ನಂತರ ಕೇಳಿದರು, ಮಲಗಿದಾಗ ಮರೆವು ಕಡಿಮೆ. ಪ್ರಯೋಗಕ್ಕೆ ಒಳಗಾದವರು ಇಬ್ಬರೇ ಎಂಬುದನ್ನು ಅದೇ ವಾಕ್ಯದಲ್ಲಿ ಹೇಳಬೇಕು. ಅವರ ವಿವರಣೆಯೂ ಮುಖ್ಯ: ನಿದ್ದೆಯಲ್ಲಿ ಹೊಸ ವಿಷಯ ಬಂದು ಹಳೆಯದಕ್ಕೆ ಅಡ್ಡಿ ಮಾಡುವುದಿಲ್ಲ, ಅಷ್ಟೇ. ನಿದ್ದೆ ತಾನಾಗಿ ಏನಾದರೂ ಮಾಡುತ್ತದೆಯೇ, ಇಲ್ಲ ಸುಮ್ಮನೆ ಅಡ್ಡಿ ತಪ್ಪಿಸುತ್ತದೆಯೇ ಎಂಬ ಜಗಳ ಇವತ್ತಿಗೂ ತೀರಿಲ್ಲ. ಸಮೀಕ್ಷೆಯ ಕೊನೆಯವರೆಗೂ ಅದು ಹಿಂದೆಯೇ ಬರುತ್ತದೆ. ಮೂರನೆಯ ಪ್ಯಾರಾ ನಮ್ಮ ಮೂರು ಹಂತಗಳು.

ಭಾಗ 1. ನಿದ್ದೆಯಲ್ಲಿ ಆಗುವುದೇನು — 600 ಪದ

ನಿದ್ದೆಯ ಹಂತಗಳ ಪರಿಚಯ ನಾಲ್ಕು ಸಾಲು ಮೀರಬಾರದು. ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ 1953ರಲ್ಲಿ ರೆಮ್ ನಿದ್ದೆ ಗುರುತಿಸಿದ್ದು ಅದರಲ್ಲೇ ಬರಲಿ. ಅಲ್ಲಿಂದ ನೇರ ವಿಲ್ಸನ್ ಮತ್ತು ಮೆಕ್‌ನಾಟನ್ 1994ಕ್ಕೆ: ಇಲಿ ಓಡಾಡುವಾಗ ಹಿಪ್ಪೋಕ್ಯಾಂಪಸ್‌ನಲ್ಲಿ ಜೊತೆಯಾಗಿ ಮಿಡಿದ ನರಕೋಶಗಳು ನಂತರದ ಸ್ಲೋ ವೇವ್ ನಿದ್ದೆಯಲ್ಲೂ ಜೊತೆಯಾಗಿ ಮಿಡಿದವು. ಇದು ಸಂಬಂಧ ಮಾತ್ರ, ಕಾರಣ ಅಲ್ಲ. ಕಾರಣಕ್ಕೆ ಹತ್ತಿರ ಬರುವವು ಎರಡು. ಜಿರಾರ್ಡೋ ತಂಡ 2009ರಲ್ಲಿ ನಿದ್ದೆಯ ಹೊತ್ತಿನ ಶಾರ್ಪ್ ವೇವ್ ರಿಪಲ್‌ಗಳನ್ನು ತಡೆದಾಗ ಇಲಿಗಳ ಜಾಗದ ಕಲಿಕೆ ಕುಂದಿತು. ರಾಶ್ ತಂಡ 2007ರಲ್ಲಿ ಕಾರ್ಡುಗಳ ಜಾಗ ಕಲಿಯುವಾಗ ಗುಲಾಬಿ ವಾಸನೆ ಕೊಟ್ಟು, ಸ್ಲೋ ವೇವ್ ನಿದ್ದೆಯಲ್ಲಿ ಅದೇ ವಾಸನೆ ಮತ್ತೆ ಕೊಟ್ಟಾಗ ನೆನಪು ಹೆಚ್ಚಿತು. ರೆಮ್ ನಿದ್ದೆಯಲ್ಲಿ ಕೊಟ್ಟಾಗ ಹೆಚ್ಚಲಿಲ್ಲ.

ನಿದ್ದೆಯಲ್ಲಿ ನೆನಪು ಮರುಕಳಿಸಿ ಗಟ್ಟಿಯಾಗುತ್ತದೆ ಎಂಬ ಈ ವಾದಕ್ಕೆ ಎದುರಾಗಿ ಟೊನೋನಿ ಮತ್ತು ಚಿರೆಲ್ಲಿ ಅವರ ಸಿನಾಪ್ಟಿಕ್ ಹೋಮಿಯೋಸ್ಟಾಸಿಸ್ ವಾದ: ಹಗಲೆಲ್ಲ ಬಲಗೊಂಡ ಸಿನಾಪ್ಸ್‌ಗಳನ್ನು ನಿದ್ದೆ ಒಟ್ಟಾರೆ ಇಳಿಸುತ್ತದೆ, ಆಗ ಗದ್ದಲ ತಗ್ಗಿ ಮುಖ್ಯವಾದದ್ದು ಎದ್ದು ಕಾಣುತ್ತದೆ. ಎರಡೂ ವಾದ ಒಟ್ಟಿಗೆ ನಿಜವಾಗಬಹುದು. ಆದರೆ ನಿದ್ದೆಗೇಡಿನ ಬಗ್ಗೆ ಎರಡೂ ಬೇರೆ ಮುನ್ನುಡಿಯುತ್ತವೆ: ಮೊದಲನೆಯದರ ಪ್ರಕಾರ ನಿನ್ನೆ ಕಲಿತದ್ದು ಕೆಡಬೇಕು, ಎರಡನೆಯದರ ಪ್ರಕಾರ ನಾಳೆಯ ಕಲಿಕೆಗೂ ಜಾಗ ಇರಬಾರದು. ಭಾಗ 2 ಮತ್ತು 3ರ ನಡುವಿನ ಸೇತುವೆ ಇದೇ. ಇಷ್ಟು ಬರೆಯದೆ ಭಾಗ 1 ಮುಗಿಸಿದರೆ ಅದು ಟಿಪ್ಪಣಿ ಆಗುತ್ತದೆ, ಸಮೀಕ್ಷೆ ಆಗುವುದಿಲ್ಲ.

ಭಾಗ 2. ಕಲಿತ ನಂತರ ನಿದ್ದೆ ತಪ್ಪಿದರೆ — 1,200 ಪದ

ಸಮೀಕ್ಷೆಯ ಬೆನ್ನೆಲುಬು. ಮೊದಲು ಪ್ರಯೋಗದ ವಿನ್ಯಾಸವನ್ನೇ ಬಿಡಿಸಬೇಕು. ಸಂಜೆ ಪದಜೋಡಿ ಕಲಿಸಿ, ರಾತ್ರಿಯಿಡೀ ಎಚ್ಚರ ಇರಿಸಿ, ಬೆಳಗ್ಗೆ 8ಕ್ಕೆ ಕೇಳಿದರೆ ಬರುವ ಕಡಿಮೆ ಅಂಕದಲ್ಲಿ ಎರಡು ಬೆರೆತಿರುತ್ತವೆ: ನೆನಪು ಗಟ್ಟಿಯಾಗದ್ದು, ಮತ್ತು ತೂಕಡಿಸುತ್ತ ಉತ್ತರ ಕೊಟ್ಟದ್ದು. ಇದನ್ನು ಬೇರ್ಪಡಿಸಲು ಒಂದೆರಡು ರಾತ್ರಿ ಚೆನ್ನಾಗಿ ಮಲಗಿಸಿ ಆಮೇಲೆ ಕೇಳುತ್ತಾರೆ. ಆಗ ಮತ್ತೊಂದು ತೊಡಕು: ಆ ತುಂಬಿಕೊಂಡ ನಿದ್ದೆಯೇ ನೆನಪನ್ನು ಉಳಿಸಿರಬಹುದು. ತೊಡಕಿಲ್ಲದ ವಿನ್ಯಾಸ ಇಲ್ಲ. ಆದ್ದರಿಂದ ನಮ್ಮ ಕೋಷ್ಟಕದಲ್ಲಿ ‘ಪರೀಕ್ಷೆಗೆ ಮುನ್ನ ಚೇತರಿಕೆಯ ರಾತ್ರಿಗಳು: 0, 1, 2’ ಎಂಬ ಕಾಲಂ ಕಡ್ಡಾಯ.

ಆಮೇಲೆ ಈ ಸರಣಿಯಲ್ಲಿ:

ಸ್ಟಿಕ್‌ಗೋಲ್ಡ್, ಜೇಮ್ಸ್, ಹಾಬ್ಸನ್ 2000. ಕಣ್ಣಿಗೆ ಕಾಣುವ ವ್ಯತ್ಯಾಸ ಗುರುತಿಸುವ ತರಬೇತಿ. ಮೊದಲ ರಾತ್ರಿ ನಿದ್ದೆ ತಪ್ಪಿಸಿ, ನಂತರ ಎರಡು ರಾತ್ರಿ ಮಲಗಿಸಿ ಪರೀಕ್ಷಿಸಿದರೂ ಸುಧಾರಣೆ ಕಾಣಲಿಲ್ಲ. ಆಯಾಸವೇ ಕಾರಣ ಎಂಬ ಆಕ್ಷೇಪಕ್ಕೆ ಇದು ಗಟ್ಟಿ ಉತ್ತರ. ಆದರೆ ಇದು ಗ್ರಹಿಕೆಯ ಕೌಶಲ. ಇತಿಹಾಸದ ಪಾಠ ನೆನಪಿಡುವುದಕ್ಕೆ ಇದನ್ನೇ ಹಿಗ್ಗಿಸಬಾರದು.

ಪ್ಲಿಹಾಲ್ ಮತ್ತು ಬಾರ್ನ್ 1997. ರಾತ್ರಿಯ ಮೊದಲರ್ಧದ ನಿದ್ದೆ ಪದಜೋಡಿಗೆ, ಎರಡನೆಯರ್ಧದ ನಿದ್ದೆ ಕನ್ನಡಿ ನೋಡಿ ಗೆರೆ ಎಳೆಯುವ ಕೌಶಲಕ್ಕೆ ನೆರವಾಯಿತು. ಮೊದಲರ್ಧದಲ್ಲಿ ಸ್ಲೋ ವೇವ್ ಹೆಚ್ಚು, ಎರಡನೆಯದರಲ್ಲಿ ರೆಮ್ ಹೆಚ್ಚು. ಒಂದು ಹಂತಕ್ಕೆ ಒಂದು ನೆನಪು ಎಂದು ಗೆರೆ ಎಳೆಯುವುದು ಸುಲಭ, ಆದರೆ ಎರಡನೇ ಹಂತದ ನಿದ್ದೆ ಎರಡರಲ್ಲೂ ಧಾರಾಳವಾಗಿ ಇರುತ್ತದೆ.

ಗ್ರೇವ್ಸ್ ತಂಡ 2003. ಇಲಿಗಳ ಮೇಲಿನ ಪ್ರಯೋಗ. ಭಯದ ಕಲಿಕೆಯಾದ ತಕ್ಷಣದ 5 ಗಂಟೆ ನಿದ್ದೆ ತಪ್ಪಿಸಿದರೆ ಜಾಗಕ್ಕೆ ಅಂಟಿದ ಭಯದ ನೆನಪು ಕುಂದಿತು, ಸದ್ದಿಗೆ ಅಂಟಿದ ಭಯ ಕುಂದಲಿಲ್ಲ. ಅದೇ ತಪ್ಪಿಸುವಿಕೆ 5ರಿಂದ 10ನೇ ಗಂಟೆಯ ನಡುವೆ ಆದಾಗ ಪರಿಣಾಮವಿಲ್ಲ. ಒಂದು ಕಿಟಕಿ ಇದೆ, ಅದು ಹಿಪ್ಪೋಕ್ಯಾಂಪಸ್‌ಗೆ ಸಂಬಂಧಿಸಿದ್ದು ಎಂಬ ಎರಡೂ ಮಾತು ಇದರಿಂದ ಬರುತ್ತವೆ. ಇದರ ಬೆನ್ನಿಗೇ ವೆಕ್ಸಿ ತಂಡ 2009: ನಿದ್ದೆಗೇಡು ಹಿಪ್ಪೋಕ್ಯಾಂಪಸ್‌ನ ಸೈಕ್ಲಿಕ್ ಎಎಂಪಿ ಸಂಕೇತವನ್ನು ತಗ್ಗಿಸುತ್ತದೆ, ಆ ಸಂಕೇತವನ್ನು ಒಡೆಯುವ ಪಿಡಿಇ4 ಕಿಣ್ವವನ್ನು ತಡೆಯುವ ರೋಲಿಪ್ರಾಮ್ ಕೊಟ್ಟರೆ ನೆನಪಿನ ನಷ್ಟ ತಪ್ಪುತ್ತದೆ.

ಇಲಿಗಳನ್ನು ಎಚ್ಚರ ಇರಿಸಿದ ವಿಧಾನ ಕಡ್ಡಾಯವಾಗಿ ಬರೆಯಬೇಕು. ಮೃದುವಾಗಿ ಮುಟ್ಟಿ, ಪಂಜರ ತಟ್ಟಿ ಎಬ್ಬಿಸುವುದು ಒಂದು. ನೀರಿನ ನಡುವೆ ಸಣ್ಣ ಕಟ್ಟೆಯ ಮೇಲೆ ಕೂರಿಸುವುದು ಇನ್ನೊಂದು. ಕಟ್ಟೆಯ ಮೇಲೆ ಇಲಿಗೆ ರೆಮ್ ನಿದ್ದೆ ಬಂದರೆ ಸ್ನಾಯು ಸಡಿಲಾಗಿ ನೀರಿಗೆ ಬೀಳುತ್ತದೆ. ಆ ಒತ್ತಡವೇ ನೆನಪು ಕೆಡಿಸಬಲ್ಲದು. ಹಳೆಯ ರೆಮ್ ಪ್ರಯೋಗಗಳ ಮೇಲೆ ವರ್ಟೀಸ್ ಮತ್ತು ಸೀಗಲ್ ಎತ್ತಿದ ಮುಖ್ಯ ಆಕ್ಷೇಪಗಳಲ್ಲಿ ಇದೂ ಒಂದು.

ಭಾಗ 3. ಕಲಿಯುವ ಮೊದಲು ನಿದ್ದೆ ತಪ್ಪಿದರೆ — 600 ಪದ

ಯೂ ತಂಡ 2007: ನಿದ್ದೆಗೆಟ್ಟವರಿಗೆ ಚಿತ್ರಗಳನ್ನು ತೋರಿಸಿ, ಚೇತರಿಕೆಯ ನಿದ್ದೆಯ ನಂತರ ಗುರುತಿಸಲು ಹೇಳಿದರು. ಗುರುತಿಸುವಿಕೆ ಕಡಿಮೆ, ಚಿತ್ರ ನೋಡುವಾಗಿನ ಹಿಪ್ಪೋಕ್ಯಾಂಪಸ್ ಚಟುವಟಿಕೆಯೂ ಕಡಿಮೆ. ಇದನ್ನು ಗಟ್ಟಿಯಾಗುವಿಕೆಯ ಸಾಕ್ಷ್ಯವೆಂದು ಉಲ್ಲೇಖಿಸುವುದು ತಪ್ಪು. ಇಲ್ಲಿ ಕೆಟ್ಟದ್ದು ಕಲಿಕೆಯೇ.

ಇಲ್ಲಿಯೇ ನಮ್ಮ ವಾದದ ಮುಖ್ಯ ಅಂಕಿ. ನ್ಯೂಬರಿ, ಕ್ರೌಲಿ, ರಾಸಲ್, ಟಾಮಿನೆನ್ 2021ರ ಮೆಟಾ ಅನಾಲಿಸಿಸ್‌ನಲ್ಲಿ ಕಲಿಯುವ ಮೊದಲಿನ ನಿದ್ದೆಗೇಡಿನ ಪರಿಣಾಮದ ಗಾತ್ರ 0.621, ಕಲಿತ ನಂತರದ್ದು 0.277. ಮೊದಲನೆಯದು ಎರಡನೆಯದರ ಎರಡು ಪಟ್ಟಿಗೂ ಹೆಚ್ಚು. ಎರಡೂ ಹೆಡ್ಜಸ್ ಜಿ ಅಳತೆ ಎಂದು ಬರೆಯಬೇಕು, ಶೇಕಡಾವಾರು ಎಂದು ಓದುಗರು ತಿಳಿಯದಿರಲಿ. 0.277ರಷ್ಟು ಸಣ್ಣ ವ್ಯತ್ಯಾಸ ಹಿಡಿಯಲು ಗುಂಪಿಗೆ 15 ಅಥವಾ 20 ಜನ ಏನೇನೂ ಸಾಲದು. ಎರಡು ಸ್ವತಂತ್ರ ಗುಂಪುಗಳಿಗೆ 80 ಶೇಕಡಾ ಸಂಖ್ಯಾಶಾಸ್ತ್ರೀಯ ಶಕ್ತಿ ಬೇಕೆಂದರೆ ಗುಂಪಿಗೆ ಸುಮಾರು 200 ಜನ ಬೇಕು. ಭಾಗ 2ರ ಪ್ರಯೋಗಗಳು ಒಂದಕ್ಕೊಂದು ಒಪ್ಪದಿರುವುದಕ್ಕೆ ಅರ್ಧ ಕಾರಣ ಇಲ್ಲೇ ಸಿಗುತ್ತದೆ.

ಭಾಗ 4. ಪೂರ್ತಿ ಅಲ್ಲ, ಸ್ವಲ್ಪ ಸ್ವಲ್ಪ — 450 ಪದ

ನಿಜ ಜೀವನದಲ್ಲಿ ಯಾರೂ ದಿನವೂ ರಾತ್ರಿಯಿಡೀ ಎಚ್ಚರ ಇರುವುದಿಲ್ಲ. ದಿನಕ್ಕೆ ಎರಡು ಗಂಟೆ ಕಡಿಮೆ ಮಲಗುತ್ತಾರೆ. ವ್ಯಾನ್ ಡಾಂಗೆನ್ ತಂಡ 2003: ಎರಡು ವಾರ ರಾತ್ರಿಗೆ 4 ಅಥವಾ 6 ಗಂಟೆ ಮಲಗಿದವರ ಗಮನ ದಿನೇದಿನೇ ಕುಸಿಯಿತು, ಆದರೆ ಅವರಿಗೆ ಅನಿಸಿದ ತೂಕಡಿಕೆ ಅಷ್ಟು ಏರಲಿಲ್ಲ. ಎದುರಿಗೆ ಫೊಡರ್‌ಹೋಲ್ಜರ್ ತಂಡ 2011: ಹದಿಹರೆಯದವರಿಗೆ ನಾಲ್ಕು ರಾತ್ರಿ 5ರಿಂದ 9 ಗಂಟೆಯವರೆಗೆ ಬೇರೆಬೇರೆ ಮಿತಿ ಹಾಕಿದರೂ ದೀರ್ಘಕಾಲದ ನೆನಪಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಎರಡಕ್ಕೂ ಜಗಳವಿಲ್ಲ, ಒಂದು ಅಳೆದದ್ದು ಗಮನ, ಇನ್ನೊಂದು ನೆನಪು. ಕಡಿಮೆ ಮಲಗಿದಾಗ ಸ್ಲೋ ವೇವ್ ನಿದ್ದೆ ಬಹುಮಟ್ಟಿಗೆ ಉಳಿದು, ಕತ್ತರಿ ಬೀಳುವುದು ರೆಮ್ ಮತ್ತು ಎರಡನೇ ಹಂತಕ್ಕೆ. ಭಾಗ 1ಕ್ಕೆ ಇಲ್ಲಿಂದ ಗಂಟು ಹಾಕಬೇಕು.

ಭಾಗ 5. ಒಪ್ಪದವರ ಮಾತು — 500 ಪದ

ವರ್ಟೀಸ್ ಮತ್ತು ಸೀಗಲ್: ಎಂಎಒ ತಡೆಯುವ ಖಿನ್ನತೆಯ ಔಷಧಿಗಳು ರೆಮ್ ನಿದ್ದೆಯನ್ನು ಬಹುಪಾಲು ಅಳಿಸಿಹಾಕುತ್ತವೆ, ಆದರೂ ರೋಗಿಗಳ ನೆನಪು ಕೆಡುವುದು ಕಾಣದು. ರಿಕಾರ್ಡ್ ತಂಡ 2008: ಬೆರಳು ಬಡಿಯುವ ಕೌಶಲದಲ್ಲಿ ರಾತ್ರೋರಾತ್ರಿ ಬಂತೆನ್ನುವ ಸುಧಾರಣೆ ಬಹುಪಾಲು ತರಬೇತಿಯ ಕೊನೆಯ ಆಯಾಸ ಮತ್ತು ಅಂಕಗಳ ಸರಾಸರಿ ತೆಗೆದ ರೀತಿಯಿಂದ ಹುಟ್ಟಿದ್ದು. ಆ ಸುಧಾರಣೆಯನ್ನು ತೋರಿಸಿದ ವಾಕರ್ ತಂಡ 2002ರ ಹೆಸರಾಂತ ಫಲಿತಾಂಶವನ್ನು ಇದರ ಪಕ್ಕದಲ್ಲೇ ಇಡಬೇಕು, ಭಾಗ 2ರಲ್ಲಿ ಅಲ್ಲ. ಅಲ್ಲಿಟ್ಟರೆ ಹೊಗಳಿಕೆ ಒಂದು ಕಡೆ, ಟೀಕೆ ಹತ್ತು ಪುಟ ಆಚೆ ಆಗುತ್ತದೆ.

ಕೊನೆಯ ಭಾಗ. ಕಲ್ಯಾಣ ಕರ್ನಾಟಕದಲ್ಲಿ ಇದನ್ನು ಅಳೆಯಬೇಕೆಂದರೆ — 250 ಪದ

ಎರಡೇ ಅಂಶ. ಒಂದು, ಪದಜೋಡಿ ಪರೀಕ್ಷೆ ಭಾಷೆಗೆ ಅಂಟಿಕೊಂಡದ್ದು. ಒಂದೇ ತರಗತಿಯಲ್ಲಿ ಮನೆಮಾತು ಕನ್ನಡ, ದಖನಿ ಉರ್ದು, ತೆಲುಗು, ಮರಾಠಿ, ಲಂಬಾಣಿ ಇರುವಾಗ ಕನ್ನಡದ ಪಟ್ಟಿ ಎಲ್ಲರಿಗೂ ಒಂದೇ ತೂಕದ್ದಲ್ಲ. ಕಾರ್ಡುಗಳ ಜಾಗ ನೆನಪಿಡುವ ಪರೀಕ್ಷೆ ಹೆಚ್ಚು ಸರಿಹೊಂದುತ್ತದೆ. ಎರಡು, ಸೆಕೆ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳೇ ಬೆಳಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಗುತ್ತವೆ. ಬಿಸಿ ಕೋಣೆ ಸ್ಲೋ ವೇವ್ ಮತ್ತು ರೆಮ್ ಎರಡನ್ನೂ ತಗ್ಗಿಸುತ್ತದೆ, ಹಾಗಾಗಿ ಆ ತಿಂಗಳುಗಳಲ್ಲಿ ‘ಚೆನ್ನಾಗಿ ಮಲಗಿದ’ ಹೋಲಿಕೆಯ ಗುಂಪೇ ಸಿಗುವುದು ಕಷ್ಟ. ಅಳತೆ ನವೆಂಬರ್‌ನಿಂದ ಜನವರಿಯೊಳಗೆ ಆಗಬೇಕು. ಇವು ಮುಂದಿನ ಸಂಶೋಧನೆಗೆ ಸಲಹೆಗಳೇ ಹೊರತು ಸಮೀಕ್ಷೆಯ ನಿರ್ಣಯಗಳಲ್ಲ.

ಕೋಷ್ಟಕ ಮತ್ತು ವೇಳಾಪಟ್ಟಿ

ಕೋಷ್ಟಕ ಒಂದೇ, ಎಂಟು ಕಾಲಂ: ಲೇಖಕರು ಮತ್ತು ವರ್ಷ, ಗುಂಪಿನ ಗಾತ್ರ, ನಿದ್ದೆ ತಪ್ಪಿದ ಹಂತ, ಎಷ್ಟು ಗಂಟೆ, ನೆನಪಿನ ಬಗೆ, ಚೇತರಿಕೆಯ ರಾತ್ರಿಗಳು, ಫಲಿತಾಂಶ, ನಮ್ಮ ಆಕ್ಷೇಪ. ಓದಿದ ದಿನವೇ ಸಾಲು ತುಂಬಬೇಕು. ಮೊದಲ ಎರಡು ವಾರ ಹುಡುಕಾಟ, ಮುಂದಿನ ಮೂರು ಓದು ಮತ್ತು ಕೋಷ್ಟಕ, ಆರನೇ ವಾರ ಭಾಗ 2, ಏಳನೆಯದರಲ್ಲಿ ಭಾಗ 3 ಮತ್ತು 5, ಎಂಟನೆಯದರಲ್ಲಿ ಉಳಿದವು. ಪೀಠಿಕೆ ಎಲ್ಲಕ್ಕಿಂತ ಕೊನೆಗೆ, ಒಂಬತ್ತನೇ ವಾರ. ಪೂರ್ತಿ ಕರಡು ಮೇಡಂ ಕೈಗೆ ಹತ್ತನೇ ವಾರದ ಸೋಮವಾರ.